ತಾರಸಿಯ ಟವರ್‌ನಲ್ಲಿ ಇಸಿ ನಂಬರು ನನಗೆ ಅರ್ಥವಾಗಿದ್ದು ಹೀಗೆ

ಬೆಂಗಳೂರಿನ ನಮ್ಮ ಮನೆ ತಾರಸಿಯಲ್ಲಿ ಮಣ್ಣಿಲ್ಲದೆ ಲೆಟ್ಯೂಸ್ ಬೆಳೆಯುವ ಟವರ್ ಒಂದನ್ನು ಮಾಡಿಕೊಂಡಿದ್ದೇನೆ. ಆರಿಂಚಿನ ಪಿವಿಸಿ ಪೈಪು, ಐದಡಿ ಎತ್ತರ. ಹೀಟ್ ಗನ್‌ನಿಂದ ಪೈಪನ್ನು ಬಿಸಿ ಮಾಡಿ, ಸೀಳಿದ ಜಾಗವನ್ನು ಬಾಟಲಿಯಿಂದ ಒಳಗೆ ಒತ್ತಿ 24 ಬಾಯಿ ಮಾಡಿದೆ. ಕೆಳಗೆ 40 ಲೀಟರಿನ ಟಬ್ಬು. ಅದರೊಳಗಿನ ಪಂಪು ಗೊಬ್ಬರದ ನೀರನ್ನು ಮೇಲಕ್ಕೆ ಎತ್ತುತ್ತದೆ, ನೀರು ಬೇರುಗಳ ಮೇಲೆ ತೊಟ್ಟಿಕ್ಕಿ ಮತ್ತೆ ಟಬ್ಬಿಗೇ ಇಳಿಯುತ್ತದೆ.

ಪಂಪು ಕೊಳ್ಳುವಾಗ ಒಂದು ವಿಷಯ ನೋಡಿ. ಡಬ್ಬಿಯ ಮೇಲೆ ಬರೆದಿರುವ ಎತ್ತರ ಅಂದರೆ ನೀರು ಪೂರ್ತಿ ನಿಂತುಹೋಗುವ ಎತ್ತರ. ನನ್ನದು ಎರಡು ಮೀಟರಿನ ಹತ್ತಿರ ಎತ್ತಬೇಕಿತ್ತು, ಅದಕ್ಕೇ ಮೂರು ಮೀಟರಿನದನ್ನು ತಂದೆ. ಹಗಲು 15 ನಿಮಿಷ ಓಡಿ 15 ನಿಮಿಷ ನಿಲ್ಲುತ್ತದೆ, ರಾತ್ರಿ ಎರಡು ಗಂಟೆಗೊಮ್ಮೆ ಓಡಿದರೆ ಸಾಕು. ಟೈಮರ್ ಕೆಲಸ ಮಾಡುವುದು ಇಎಸ್‌ಪಿ32 ಅನ್ನುವ, ಪ್ರೋಗ್ರಾಂ ಬರೆದು ಓಡಿಸಬಹುದಾದ ಪುಟ್ಟ ಬೋರ್ಡು. ಕರೆಂಟು ಹೋಗಿ ಬಂದರೂ ಹೊತ್ತು ತಪ್ಪದಿರಲಿ ಅಂತ ಜೊತೆಗೆ ಸೆಲ್ ಇರುವ ಗಡಿಯಾರದ ಚಿಪ್ಪನ್ನೂ ಹಾಕಿದ್ದೇನೆ.

ನನ್ನನ್ನು ನಿಜವಾಗಿ ಕಾಡಿದ್ದು ಇಸಿ, ಅಂದರೆ ನೀರಿನ ವಿದ್ಯುತ್ ವಾಹಕತೆ. ನೀರಿನಲ್ಲಿ ಲವಣ ಜಾಸ್ತಿ ಇದ್ದಷ್ಟೂ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಅದನ್ನು ಅಳೆದರೆ ಗೊಬ್ಬರ ಎಷ್ಟು ಗಟ್ಟಿಯಾಗಿದೆ ಅಂತ ಗೊತ್ತಾಗುತ್ತದೆ. ಲೆಟ್ಯೂಸ್‌ಗೆ ನಾನು ಇಟ್ಟುಕೊಂಡ ಗುರಿ ಸೆಂಟಿಮೀಟರಿಗೆ 1.4 ಮಿಲಿಸೀಮೆನ್ಸ್.

ಮಾರ್ಚ್ ತಿಂಗಳಲ್ಲಿ ಮಧ್ಯಾಹ್ನ ನೋಡಿದರೆ 1.7 ತೋರಿಸುತ್ತಿತ್ತು. ಗಟ್ಟಿಯಾಯಿತು ಅಂತ ಒಂದಿಷ್ಟು ನೀರು ಸುರಿಯುತ್ತಿದ್ದೆ. ರಾತ್ರಿ ನೋಡಿದರೆ 1.3ಕ್ಕೂ ಕೆಳಗೆ. ಸರಿ, ಗೊಬ್ಬರ ಹಾಕು. ಹತ್ತು ದಿನ ಇದೇ ನಡೆಯಿತು. ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಬಂದ ಅಮ್ಮ, "ದಿನಾ ಏನೋ ಸುರೀತಾನೇ ಇದ್ದೀಯಲ್ಲೋ, ಎಲೆ ಅಂಚೆಲ್ಲ ಸುಟ್ಟಹಾಗಾಗಿದೆ ನೋಡು" ಅಂದರು. ಹೌದು, ಎಳೆ ಎಲೆಗಳ ಅಂಚು ಕಂದಾಗಿ ಮುರುಟಿಕೊಂಡಿತ್ತು.

ತಪ್ಪು ಇದ್ದದ್ದು ನೀರಿನ ಬಿಸಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ್ದರಲ್ಲಿ. ನೀರು ಒಂದು ಡಿಗ್ರಿ ಬಿಸಿಯಾದರೆ ಇಸಿ ಸುಮಾರು ನೂರಕ್ಕೆ ಎರಡರಷ್ಟು ಏರುತ್ತದೆ, ಗೊಬ್ಬರ ಒಂದು ಹನಿಯೂ ಹೆಚ್ಚಿರುವುದಿಲ್ಲ. ಬಿಸಿಲಿಗಿಟ್ಟ ನನ್ನ ಕಪ್ಪು ಟಬ್ಬು ಮಧ್ಯಾಹ್ನ 34 ಡಿಗ್ರಿ, ರಾತ್ರಿ 21. ಹಾಗಾಗಿ 25 ಡಿಗ್ರಿಯಲ್ಲಿ 1.45 ಇದ್ದ ನೀರೇ ಮಧ್ಯಾಹ್ನ 1.71, ರಾತ್ರಿ 1.33 ಅಂತ ತೋರಿಸುತ್ತದೆ. ಟಬ್ಬಿಗೆ ಉಷ್ಣಾಂಶದ ಸೆನ್ಸರ್ ಇಳಿಬಿಟ್ಟು, ಪ್ರತಿ ಅಳತೆಯನ್ನೂ 25 ಡಿಗ್ರಿಗೆ ತರುವ ಒಂದು ಸಾಲನ್ನು ಬೋರ್ಡಿನ ಪ್ರೋಗ್ರಾಮಿಗೆ ಸೇರಿಸಿದೆ:

```
ec25 = ec / (1.0 + 0.02 * (t - 25.0));
```

ಆಗ ಗೊತ್ತಾಯಿತು, ನಾನು ಬೆನ್ನು ಹತ್ತಿದ್ದು ಗೊಬ್ಬರವನ್ನಲ್ಲ, ನೀರಿನ ಬಿಸಿಯನ್ನು! ಅಷ್ಟು ದಿನ ಸರಿಯಾಗಿದ್ದ ನೀರನ್ನೇ ಒಮ್ಮೆ ತೆಳು, ಒಮ್ಮೆ ಗಟ್ಟಿ ಮಾಡುತ್ತಿದ್ದೆ. ಟಬ್ಬು ಖಾಲಿ ಮಾಡಿ, 1.4ಕ್ಕೆ ಹೊಸದಾಗಿ ಬೆರೆಸಿ ತುಂಬಿದೆ. ಟಬ್ಬಿಗೆ ಬಿಳಿ ಬಣ್ಣ ಬಳಿದು ನೆರಳಿಗೆ ಸರಿಸಿದೆ.

ಅಳೆಯುವ ಹೊತ್ತೂ ಮುಖ್ಯ. ಪಂಪು ಓಡುವಾಗ ಗುಳ್ಳೆಗಳಿಂದ ನಂಬರು ಕುಣಿಯುತ್ತದೆ. ಅದು ನಿಂತು ಎರಡು ನಿಮಿಷದ ಮೇಲೆ ಅಳೆದರೆ ನೀರು ಚೆನ್ನಾಗಿ ಬೆರೆತಿರುತ್ತದೆ, ಶಾಂತವಾಗಿಯೂ ಇರುತ್ತದೆ. ನೀರಲ್ಲಿ ಮುಳುಗಿಸಿ ಇಸಿ ಅಳೆಯುವ ಕಡ್ಡಿಗೆ, ಅಂದರೆ ಪ್ರೋಬ್‌ಗೆ, ಕರೆಂಟು ಕೊಡುವುದೂ ಅಳೆಯುವ ಆ ಕೆಲವು ಸೆಕೆಂಡು ಮಾತ್ರ. ತಿಂಗಳಿಗೊಮ್ಮೆ 1.413ರ ಅಳತೆ ದ್ರಾವಣದಲ್ಲಿ ಅದ್ದಿ ನೋಡುತ್ತೇನೆ. ಕಡಿಮೆ ತೋರಿಸಿದರೆ ಪ್ರೋಬ್ ಮೇಲೆ ಬಿಳಿ ಪೊರೆ ಕಟ್ಟಿದೆಯಾ ಅಂತ ನೋಡಿ, ವಿನೆಗರ್‌ನಲ್ಲಿ ತೊಳೆಯುತ್ತೇನೆ.

ಇಷ್ಟಾದರೂ ಬರೀ ಇಸಿ ನೋಡಿ ಗೊಬ್ಬರ ಹಾಕಬಾರದು. ಟಬ್ಬಿನ ನೀರಿನ ಮಟ್ಟವನ್ನೂ ಜೊತೆಗೇ ನೋಡಬೇಕು. ಒಂದು ಸಲದ ಲೆಕ್ಕ ಹೇಳುತ್ತೇನೆ. 40 ಲೀಟರ್, 1.4ರಿಂದ ಶುರು. ಎರಡನ್ನೂ ಗುಣಿಸಿದರೆ 56. ನಾಲ್ಕು ದಿನದ ಮೇಲೆ 30 ಲೀಟರ್ ಉಳಿದಿತ್ತು, ಇಸಿ 1.6. ಗುಣಿಸಿದರೆ 48. ನಂಬರು ಏರಿದೆ, ಆದರೆ ಗೊಬ್ಬರ ಕಡಿಮೆಯಾಗಿದೆ! ಬಿಸಿಲಿಗೆ ಗಿಡಗಳು ಗೊಬ್ಬರಕ್ಕಿಂತ ನೀರನ್ನೇ ಜಾಸ್ತಿ ಕುಡಿದಿದ್ದವು. 0.3 ಇಸಿಯ ನಲ್ಲಿ ನೀರು 10 ಲೀಟರ್ ಸೇರಿಸಿದಾಗ ಒಟ್ಟು 51, ಅಂದರೆ ಇಸಿ 1.28ರ ಹತ್ತಿರ. ಕೊರತೆ 5. ನನ್ನ ಗೊಬ್ಬರದ ಎ ಮತ್ತು ಬಿ ದ್ರಾವಣ ಲೀಟರಿಗೆ ಒಂದೊಂದು ಎಂಎಲ್ ಹಾಕಿದರೆ ಇಸಿ 0.5 ಏರುತ್ತದೆ. ಹಾಗಾಗಿ ಎರಡೂ ಹತ್ತತ್ತು ಎಂಎಲ್ ಸಾಕಾಯಿತು.

ಎ ಹಾಕಿ ಚೆನ್ನಾಗಿ ಕಲಕಿದ ಮೇಲೆಯೇ ಬಿ ಹಾಕಬೇಕು. ಎರಡನ್ನೂ ಹಾಗೆಯೇ ಒಂದೇ ಲೋಟದಲ್ಲಿ ಬೆರೆಸಿದರೆ ಎಯಲ್ಲಿರುವ ಕ್ಯಾಲ್ಸಿಯಂ, ಬಿಯಲ್ಲಿರುವ ಸಲ್ಫೇಟ್ ಮತ್ತು ಫಾಸ್ಫೇಟಿನ ಜೊತೆ ಸೇರಿ ಸುಣ್ಣದ ನೀರಿನಂತೆ ಬೆಳ್ಳಗಾಗಿ ತಳ ಸೇರುತ್ತದೆ. ಆಮೇಲೆ ಅದು ಗಿಡಕ್ಕೆ ಸಿಗುವುದಿಲ್ಲ.

ನಲ್ಲಿ ನೀರಿನ ಆ 0.3ರಲ್ಲಿ ಗಿಡಕ್ಕೆ ಬೇಡದ ಲವಣವೂ ಇದೆ. ಪ್ರತಿ ಸಲ ನೀರು ತುಂಬಿದಾಗ ಅದು ಟಬ್ಬಿನಲ್ಲೇ ಉಳಿಯುತ್ತಾ ಹೋಗುತ್ತದೆ, ಮೀಟರಿಗೆ ಗೊಬ್ಬರದ ಥರವೇ ಕಾಣುತ್ತದೆ. ಬೋರ್‌ವೆಲ್ ನೀರಾದರೆ ಇನ್ನೂ ಬೇಗ. ಇಸಿ 1.4 ಇದ್ದರೂ ಎಲೆ ಬಿಳಿಚಿಕೊಂಡರೆ ನನಗೆ ಮೊದಲು ಬರುವ ಅನುಮಾನ ಇದೇ. ಅದಕ್ಕೆ ಮೂರು ವಾರಕ್ಕೊಮ್ಮೆ ಟಬ್ಬು ಪೂರ್ತಿ ಖಾಲಿ ಮಾಡುತ್ತೇನೆ. ಆ ನೀರಿಗೆ ಇನ್ನೊಂದಷ್ಟು ನೀರು ಬೆರೆಸಿ ಅಮ್ಮ ಕರಿಬೇವಿನ ಬುಡಕ್ಕೆ ಹಾಕುತ್ತಾರೆ.