ಚಳಿ ಏನು ಮಾಡುತ್ತದೆ?

ಜಾಕ್ ಲಂಡನ್ 1908ರಲ್ಲಿ ಪ್ರಕಟಿಸಿದ ‘ಟು ಬಿಲ್ಡ್ ಎ ಫೈರ್’ ಕಥೆಯ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೆ. ಒಬ್ಬ ಮನುಷ್ಯ ನಾಯಿಯೊಂದನ್ನು ಜೊತೆಗೆ ಕಟ್ಟಿಕೊಂಡು ಕೆನಡಾದ ಯೂಕಾನ್ ಸೀಮೆಯ ಹಿಮದಲ್ಲಿ ಹೊರಟಿದ್ದಾನೆ. ದಾರಿಯಲ್ಲಿ ಕಾಲು ಒದ್ದೆಯಾಗುತ್ತದೆ, ಬೆಂಕಿ ಕೈಕೊಡುತ್ತದೆ, ಸಾಯುತ್ತಾನೆ. ಕಥೆ ಇಷ್ಟೇ. ಇಲ್ಲಿ ಚಳಿಯೇ ಒಂದು ಪಾತ್ರ ಅಂತ ನನ್ನ ವಾದ.

ಮೊದಲ ಸಲ ಬರೆದಾಗ ವರ್ಣನೆಗಳನ್ನೆಲ್ಲ ಗುಡ್ಡೆ ಹಾಕಿದೆ. ಮೋಡವಿಲ್ಲದಿದ್ದರೂ ಸೂರ್ಯ ಕಾಣದ ಬೆಳಗು, ಎತ್ತ ನೋಡಿದರೂ ಬಿಳುಪು, ಆ ಬೂದು ಬಣ್ಣ. ಓದಿದ ಗೆಳತಿಯೊಬ್ಬಳು ಕೇಳಿದಳು: “ಇದೆಲ್ಲ ಹೇಗಿದೆ ಅಂತ ಹೇಳಿದೆ. ಅದು ಏನು ಮಾಡುತ್ತೆ ಅಂತ ಎಲ್ಲಿ ಹೇಳಿದೆ?” ಸರಿಯಾದ ಪ್ರಶ್ನೆ. ನಾನು ಬರೆದಿದ್ದು ಬರೀ ವಾತಾವರಣ.

ಕಥೆಯನ್ನು ಮತ್ತೆ ತೆಗೆದು, ಪೆನ್ಸಿಲ್ ಹಿಡಿದು ಕ್ರಿಯಾಪದಗಳಿಗೆ ಮಾತ್ರ ಗೆರೆ ಹಾಕುತ್ತಾ ಹೋದೆ. ಯಾವ ವಾಕ್ಯದಲ್ಲಿ ಚಳಿಯೋ ಹಿಮವೋ ಮರವೋ ಕರ್ತೃವಾಗಿದೆ ಅಂತ ನೋಡುವುದು, ಅಷ್ಟೇ ಕೆಲಸ. ಬಾಹ್ಯಾಕಾಶದ ಚಳಿ ಭೂಮಿಯ ತುದಿಗೆ ಬಂದು ಬಡಿಯಿತು, ಆ ಏಟನ್ನು ಇವನು ಪೂರ್ತಿ ತಿಂದ ಅನ್ನುವ ಅರ್ಥದ ಮಾತು ಒಂದು ಕಡೆ ಸಿಕ್ಕಿತು. ಬಹಳ ಖುಷಿಯಾಗಿ ಅದನ್ನೇ ಮುಖ್ಯ ಸಾಕ್ಷಿ ಮಾಡಿಕೊಂಡೆ. ಎರಡು ದಿನ ಬಿಟ್ಟು ಅದನ್ನು ಹಿಂದಕ್ಕೆ ಸರಿಸಿದೆ. ‘ಬಡಿಯಿತು’ ಅನ್ನುವುದು ರೂಪಕ. ಬಿಸಿಲು ಸುಟ್ಟಿತು, ಗಾಳಿ ಕೂಗಿತು ಅಂತ ಎಲ್ಲ ಕಥೆಯಲ್ಲೂ ಬರುತ್ತದೆ ಅಲ್ವಾ? ಅಷ್ಟಕ್ಕೇ ಗಾಳಿ ಪಾತ್ರವಾಗುವುದಿಲ್ಲ.

ಗಟ್ಟಿ ಸಾಕ್ಷಿ ಸಿಕ್ಕಿದ್ದು ಅಲಂಕಾರವೇ ಇಲ್ಲದ ಕಡೆ. ಮನುಷ್ಯ ಉಗುಳುತ್ತಾನೆ. ಉಗುಳು ನೆಲ ಮುಟ್ಟುವ ಮೊದಲೇ, ಗಾಳಿಯಲ್ಲೇ ಚಟಪಟ ಅನ್ನುತ್ತದೆ. ಸೊನ್ನೆಗಿಂತ 50 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿದ್ದರೆ ಉಗುಳು ಹಿಮದ ಮೇಲೆ ಬಿದ್ದು ಸಿಡಿಯುತ್ತದೆ ಅಂತ ಅವನಿಗೆ ಗೊತ್ತು. ಹಾಗಾದರೆ ಇದು ಅದಕ್ಕಿಂತ ಜಾಸ್ತಿ. ಎಷ್ಟು ಜಾಸ್ತಿ ಅನ್ನುವುದು ಅವನಿಗೆ ಗೊತ್ತಿಲ್ಲ. ನಿಜವಾಗಿ ಆವತ್ತು ಸೊನ್ನೆಗಿಂತ 75 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ, ಅಂದರೆ ಸುಮಾರು ಮೈನಸ್ 59 ಸೆಲ್ಸಿಯಸ್. ಅದು ಓದುಗರಿಗೆ ಗೊತ್ತಾಗುತ್ತದೆ, ಅವನಿಗಲ್ಲ. ಚಳಿ ತಾನು ಯಾರು ಅಂತ ಅವನಿಗೆ ಹೇಳಿತು. ಅವನು ಕೇಳಿಸಿಕೊಂಡು ನಡೆದುಬಿಟ್ಟ. ಇಬ್ಬರು ಮನುಷ್ಯರ ನಡುವೆ ಹೀಗಾಗಿದ್ದರೆ ಅದನ್ನು ಸಂಭಾಷಣೆ ಅನ್ನುತ್ತಿದ್ದೆವು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಮರದ್ದು. ಕಾಲು ಒದ್ದೆಯಾದ ಮೇಲೆ ಅವನು ಸ್ಪ್ರೂಸ್ ಮರದ ಕೆಳಗೆ ಬೆಂಕಿ ಹಾಕುತ್ತಾನೆ. ಅಲ್ಲೇ ಪೊದೆಯಿಂದ ಪುಳ್ಳೆ ಎಳೆದು ನೇರವಾಗಿ ಬೆಂಕಿಗೆ ಹಾಕುವುದು ಸುಲಭ ಅಂತ. ಆದರೆ ವಾರಗಟ್ಟಲೆ ಗಾಳಿ ಬೀಸಿಲ್ಲ, ಕೊಂಬೆಗಳ ಮೇಲೆ ಹಿಮ ತುಂಬಿ ನಿಂತಿದೆ. ಅವನು ಒಂದೊಂದು ಪುಳ್ಳೆ ಎಳೆದಾಗಲೂ ಮರ ಅವನಿಗೆ ಗೊತ್ತಾಗದಷ್ಟು ಅಲುಗುತ್ತದೆ. ಕೊನೆಗೆ ಮೇಲಿನ ಒಂದು ಕೊಂಬೆ ಹಿಮವನ್ನು ಕೆಳಗಿನ ಕೊಂಬೆಗೆ ಸುರಿಯುತ್ತದೆ, ಅದು ಇನ್ನೂ ಕೆಳಗಿನದಕ್ಕೆ. ಎಲ್ಲ ಸೇರಿ ಬೆಂಕಿಯ ಮೇಲೆ ಬೀಳುತ್ತದೆ.

ಇಲ್ಲಿ ‘ಬಡಿಯಿತು’ ಥರದ ರೂಪಕದ ಹಂಗು ಬೇಕಿಲ್ಲ. ಅವನು ಒಂದು ಮಾಡಿದ, ಜಾಗ ಅದಕ್ಕೆ ಉತ್ತರ ಕೊಟ್ಟಿತು, ಆ ಉತ್ತರದಿಂದ ಕಥೆ ತಿರುಗಿತು. ವರ್ಣನೆ ಮತ್ತು ಘಟನೆಯನ್ನು ಇಲ್ಲಿ ಬೇರೆ ಮಾಡಲಿಕ್ಕೇ ಆಗುವುದಿಲ್ಲ. ಗಾಳಿಯಿಲ್ಲ ಅನ್ನುವ ವಿವರ ತೆಗೆದರೆ ಹಿಮ ಬೀಳಲು ಕಾರಣವೇ ಉಳಿಯುವುದಿಲ್ಲ.

ಒಂದು ಎಡವಟ್ಟು ಮಾತ್ರ ಉಳಿದಿತ್ತು. ಚಳಿಯನ್ನು ‘ಖಳನಾಯಕ’ ಅಂತ ಕರೆದಿದ್ದೆ. ಅದು ತಪ್ಪು. ಹಿಮ ಬಿದ್ದದ್ದು ಅವನದೇ ತಪ್ಪಿನಿಂದ ಅಂತ ಕಥೆಯೇ ಹೇಳುತ್ತದೆ. ಈ ಚಳಿಗೆ ದ್ವೇಷವಿಲ್ಲ, ಆಸೆಯೂ ಇಲ್ಲ. ಇರುವುದು ಸ್ವಭಾವ. ಅದನ್ನು ಒಮ್ಮೆಯೂ ಬಿಟ್ಟುಕೊಡುವುದಿಲ್ಲ. ಬಯಕೆ ಇಲ್ಲದ್ದನ್ನು ಪಾತ್ರ ಅನ್ನಬಹುದಾ ಅಂತ ಯಾರಾದರೂ ವಾದ ಮಾಡಿದರೆ ಆ ವಾದದಲ್ಲಿ ಹುರುಳಿದೆ. ಅದಕ್ಕೇ ‘ಖಳ’ ಪದ ಹೊಡೆದುಹಾಕಿ, ‘ಬಯಕೆಯಿಲ್ಲದ, ಆದರೆ ಸ್ವಭಾವವಿರುವ ಪಾತ್ರ’ ಅಂತ ಬರೆದೆ.

ಕೊನೆಯ ಪುರಾವೆ ಬಹಳ ತಡವಾಗಿ ಕಣ್ಣಿಗೆ ಬಿತ್ತು. ಇದೇ ಕಥೆಯನ್ನು ಲಂಡನ್ 1902ರಲ್ಲಿ ಎಳೆಯರಿಗಾಗಿ ಬರೆದಿದ್ದರು. ಅದರಲ್ಲಿ ಆ ಮನುಷ್ಯನಿಗೆ ಟಾಮ್ ವಿನ್ಸೆಂಟ್ ಅಂತ ಹೆಸರಿದೆ, ಅವನು ಬದುಕುತ್ತಾನೆ. 1908ರ ಕಥೆಯಲ್ಲಿ ಅವನಿಗೆ ಹೆಸರೇ ಇಲ್ಲ. ನಾಯಿಗೂ ಇಲ್ಲ. ಯೂಕಾನ್‌ಗೆ ಇದೆ, ಹೆಂಡರ್ಸನ್ ತೊರೆಗೆ ಇದೆ, ಸಲ್ಫರ್ ತೊರೆಗೆ ಇದೆ.