ಬಂಗಾರದ ಅಣಬೆ ಎಷ್ಟನೇ ಹುತ್ತಕ್ಕೆ ಸಿಗಬೇಕು?

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ಅಕ್ಕನ ಮಗ ಫೋನ್ ಮಾಡಿದ. "ಮಾವ, ನಿಮ್ಮ ಗೇಮ್ ಬರೀ ಮೋಸ. 130 ಹುತ್ತ ನೋಡಿದೆ, ಒಂದೂ ಬಂಗಾರದ ಅಣಬೆ ಇಲ್ಲ."

ಶಿವಮೊಗ್ಗದಲ್ಲಿ ನಾವು ಮೂವರು ಸೇರಿ ಮಾಡಿದ ಸಣ್ಣ ಮೊಬೈಲ್ ಗೇಮ್ ಅದು. ಮಳೆ ಬಿದ್ದ ಮೇಲೆ ಹುತ್ತದ ಸುತ್ತ ಅಣಬೆ ಹುಡುಕುತ್ತಾ ಹೋಗುವುದು, ಅಷ್ಟೇ ಆಟ. ಹೆಚ್ಚಿನ ಸಲ ಸಾದಾ ಅಣಬೆ ಸಿಗುತ್ತದೆ. ಬಂಗಾರದ್ದು ಸಿಗುವ ಸಾಧ್ಯತೆ ಪ್ರತಿ ಸಲ ಶೇ. 2. ಹೀಗೆ ಆಟದಲ್ಲಿ ಉದುರುವ ವಸ್ತುವಿಗೆ ಗೇಮ್ ಮಾಡುವವರು 'ಲೂಟ್ ಡ್ರಾಪ್' ಅನ್ನುತ್ತಾರೆ. ಮೋಸ ಇರಲಿಲ್ಲ. ಆದರೂ ಹುಡುಗ ಹೇಳಿದ್ದರಲ್ಲಿ ಹುರುಳಿತ್ತು.

ಮೊದಲ ಕೆಲಸ, ಸಿಗದೇ ಇರುವವರ ಲೆಕ್ಕ ಹಾಕುವುದು. ಶೇ. 2 ಅಂದರೆ ಸರಾಸರಿ 50 ಹುತ್ತಕ್ಕೊಂದು. ಸರಾಸರಿ ನೋಡಿ ನಾವೂ ಸುಮ್ಮನಿದ್ದೆವು. ಆದರೆ ಒಂದು ಹುತ್ತದಲ್ಲಿ ಸಿಗದಿರುವ ಸಾಧ್ಯತೆ 0.98. ಅದನ್ನು 100 ಸಲ ಗುಣಿಸಿದರೆ 0.13 ಬರುತ್ತದೆ. ಅಂದರೆ 100 ಹುತ್ತ ನೋಡಿದ ಮೇಲೂ ನೂರರಲ್ಲಿ 13 ಜನರ ಕೈ ಖಾಲಿ. 130 ಹುತ್ತಕ್ಕೆ ಬಂದರೂ 7 ಜನ ಉಳಿದಿರುತ್ತಾರೆ. ಅಕ್ಕನ ಮಗ ಆ ಏಳರಲ್ಲಿ ಒಬ್ಬ. ಇಷ್ಟು ಸಲ ಸಿಗಲಿಲ್ಲ, ಇನ್ನು ಸಿಕ್ಕೇ ಸಿಗುತ್ತದೆ ಅಂತ ಅವನ ಮನಸ್ಸು ಹೇಳುತ್ತದೆ. ಕಂಪ್ಯೂಟರಿಗೆ ಹಿಂದಿನದು ನೆನಪೇ ಇಲ್ಲ. 131ನೇ ಹುತ್ತಕ್ಕೂ ಅದೇ ಶೇ. 2.

ಈ ಅದೃಷ್ಟ ಹುಟ್ಟುವುದು ಯಾದೃಚ್ಛಿಕ ಸಂಖ್ಯೆಯಿಂದ, ಅಂದರೆ ರ‍್ಯಾಂಡಮ್ ನಂಬರಿನಿಂದ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ `random.random()` ಅಂದರೆ 0ಯಿಂದ 1ರೊಳಗಿನ ಒಂದು ಸಂಖ್ಯೆ ಬರುತ್ತದೆ. ಅದು 0.02ಕ್ಕಿಂತ ಕಮ್ಮಿ ಇದ್ದರೆ ಬಂಗಾರ. ಹಾಗಂತ ಕಂಪ್ಯೂಟರ್ ನಿಜವಾಗಿ ದಾಳ ಹಾಕುವುದಿಲ್ಲ. ಒಂದು ಆರಂಭದ ಸಂಖ್ಯೆ, ಅಂದರೆ ಸೀಡ್, ಹಿಡಿದುಕೊಂಡು ಸೂತ್ರದಿಂದ ಸಾಲಾಗಿ ಸಂಖ್ಯೆ ಹೊರಡಿಸುತ್ತದೆ. ಅದೇ ಸೀಡ್ ಕೊಟ್ಟರೆ ಅದೇ ಸಾಲು. ಪರೀಕ್ಷೆ ಮಾಡುವಾಗ ಇದು ಅನುಕೂಲ, ಏಕೆಂದರೆ ತಪ್ಪು ಕಂಡ ಆಟವನ್ನು ಹಾಗೇ ಮತ್ತೆ ಆಡಿಸಿ ನೋಡಬಹುದು.

ಎರಡನೇ ಕೆಲಸ, ಗೇಮಿಗೆ ನೆನಪು ಕೊಡುವುದು. ಪ್ರತಿ ಆಟಗಾರನ ಹೆಸರಲ್ಲಿ ಒಂದು ಎಣಿಕೆ ಇಡಬೇಕು. ಸಿಗದಿದ್ದರೆ ಒಂದು ಏರುತ್ತದೆ, ಸಿಕ್ಕರೆ ಸೊನ್ನೆಗೆ ಇಳಿಯುತ್ತದೆ. ಇದೇ ಪಿಟಿ ಕೌಂಟರ್. ಕರುಣೆಯ ಲೆಕ್ಕ ಅನ್ನೋಣ.

ನಾವು ಮೊದಲು ಮಾಡಿದ್ದು ಸುಲಭದ ದಾರಿ: 80ನೇ ಹುತ್ತಕ್ಕೆ ಖಚಿತವಾಗಿ ಬಂಗಾರ. ಅಲ್ಲೇ ಎಡವಿದ್ದು. ಶೇ. 2 ಹಾಗೇ ಬಿಟ್ಟು 80ರ ಗಡಿ ಹಾಕಿದರೆ ಸರಾಸರಿ 50ರಿಂದ 40ಕ್ಕೆ ಇಳಿಯುತ್ತದೆ. ನಿಜವಾದ ದರ ಶೇ. 2.5 ಆಯಿತು. ಬಂಗಾರದ ಅಣಬೆ ಅಗ್ಗವಾಗಿ, ಅದರ ಮೇಲೆ ನಿಂತಿದ್ದ ಗೇಮಿನೊಳಗಿನ ಅಂಗಡಿಯ ಬೆಲೆಗಳೆಲ್ಲ ಏರುಪೇರು. ಸರಾಸರಿ ಮತ್ತೆ 50ಕ್ಕೆ ಬರಬೇಕಾದರೆ ಮೂಲ ದರವನ್ನು ಶೇ. 1.3ಕ್ಕೆ ಇಳಿಸಬೇಕು. ಆಗ ನೂರರಲ್ಲಿ ಸುಮಾರು 36 ಜನ ನೇರ 80ನೇ ಹುತ್ತದವರೆಗೆ ನಡೆದು ಹೋಗುತ್ತಾರೆ. ಅವರಿಗೆ ಇದು ಅದೃಷ್ಟದ ಆಟವೇ ಅಲ್ಲ, 80 ಕಂತಿನ ಚೀಟಿ.

ಹಾಗಾಗಿ ಗೋಡೆ ಬೇಡ, ಇಳಿಜಾರು ಬೇಕು. 60 ಸಲ ಸಿಗದಿದ್ದರೆ ಅಲ್ಲಿಂದ ಪ್ರತಿ ಹುತ್ತಕ್ಕೂ ಸಾಧ್ಯತೆಯನ್ನು ಶೇ. 5ರಷ್ಟು ಏರಿಸುತ್ತಾ ಹೋಗುವುದು. ಕೋಡ್ ಇಷ್ಟೇ, ಇದರಲ್ಲಿ `misses` ಅಂದರೆ ಆ ಎಣಿಕೆ:

```
chance = 0.009
if misses >= 60:
    chance += 0.05 * (misses - 59)
if random.random() < chance:
    misses = 0    # ಬಂಗಾರ
else:
    misses += 1
```

61ನೇ ಹುತ್ತಕ್ಕೆ ಶೇ. 5.9, 62ಕ್ಕೆ 10.9, ಹೀಗೆ ಏರಿ 80ನೆಯದಕ್ಕೆ 100 ದಾಟುತ್ತದೆ. ಮೂಲ ದರ ಶೇ. 0.9ಕ್ಕೆ ಇಳಿದಿದ್ದು ನೋಡಿದಿರಾ? ಕರುಣೆ ಬಿಟ್ಟಿಯಲ್ಲ. ಕೊನೆಗೆ ಕೊಡುವುದನ್ನು ಮೊದಲೇ ಹಿಡಿದುಕೊಂಡಿರುತ್ತೇವೆ. ಸರಾಸರಿ ಸುಮಾರು 50ರಲ್ಲೇ ನಿಂತಿತು, 80ರವರೆಗೆ ಹೋಗುವವರು ಹೆಚ್ಚುಕಮ್ಮಿ ಯಾರೂ ಇಲ್ಲ. ಆದರೆ ನೂರರಲ್ಲಿ 42 ಜನರಿಗೆ ಮಾತ್ರ 60ರೊಳಗೆ ಸಿಗುತ್ತದೆ. ಉಳಿದ 58 ಜನರಲ್ಲಿ ಬಹುತೇಕ ಎಲ್ಲರಿಗೂ 61ರಿಂದ 70ರ ನಡುವೆ.

ದೊಡ್ಡ ಗೇಮುಗಳಲ್ಲೂ ಲೆಕ್ಕ ಹೀಗೇ ಇರುತ್ತದೆ. 2020ರಲ್ಲಿ ಬಂದ 'ಗೆನ್‌ಶಿನ್ ಇಂಪ್ಯಾಕ್ಟ್'ನಲ್ಲಿ ಐದು ನಕ್ಷತ್ರದ ಪಾತ್ರದ ಮೂಲ ದರ ಶೇ. 0.6, ಖಾತ್ರಿ ಸೇರಿಸಿದರೆ ಶೇ. 1.6, ಗಡಿ 90 ಅಂತ ಅವರೇ ಬರೆದಿದ್ದಾರೆ. ಎರಡು ಅಂಕಿ ಯಾಕೆ ಅಂತ ಈಗ ತಿಳಿಯಿತಲ್ವಾ. ಇಂಥ ಗೇಮಿಗೆ ದುಡ್ಡು ಹಾಕುವ ಮೊದಲು ಎರಡೂ ಅಂಕಿ ನೋಡಿ. ದೊಡ್ಡದನ್ನೊಂದೇ ತೋರಿಸಿದ್ದರೆ ಅನುಮಾನ ಪಡಬೇಕು.

ಮೂರನೇ ಕೆಲಸ, ಒಂದು ಲಕ್ಷ ಸುಳ್ಳು ಆಟಗಾರರನ್ನು ಕೂರಿಸಿ ಆಡಿಸುವುದು. ಲ್ಯಾಪ್‌ಟಾಪಿನಲ್ಲಿ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಎಷ್ಟನೇ ಹುತ್ತಕ್ಕೆ ಎಷ್ಟು ಜನರಿಗೆ ಸಿಕ್ಕಿತು ಅಂತ ಕಂಬದ ಚಿತ್ರ ಬರೆಯಿರಿ. ನಮ್ಮದರಲ್ಲಿ ತಗ್ಗು ಬಯಲು, ಆಮೇಲೆ 65ರ ಹತ್ತಿರ ಒಂದು ಗುಡ್ಡ ಕಾಣಬೇಕು. 80ರ ಮೇಲೆ ಒಬ್ಬನಿದ್ದರೂ ಎಣಿಕೆ ಎಲ್ಲೋ ತಪ್ಪಿದೆ. ಒಂದನೇ ಹುತ್ತದಲ್ಲೇ ಜಾಸ್ತಿ ಜನ ಕಂಡರೆ, ಸಿಕ್ಕ ಮೇಲೆ ಎಣಿಕೆ ಸೊನ್ನೆಗೆ ಇಳಿದಿಲ್ಲ ಅಂತ ಅರ್ಥ.

ಇಷ್ಟೆಲ್ಲ ಸರಿ ಬಂದ ಮೇಲೂ ದೂರು ಬಂತು, ಅದೂ ಘಟ್ಟದ ಕಡೆಯಿಂದಲೇ. ಬಂಗಾರದ ಅಣಬೆ ಕೈಗೆ ಬಂದಿಲ್ಲ, ನಾವು ನೋಡಿದರೆ ಎಣಿಕೆ ಮಾತ್ರ ಸೊನ್ನೆಯಿಂದ ಮತ್ತೆ ಶುರು! ದಿನವಿಡೀ ತಲೆ ಕೆಡಿಸಿಕೊಂಡೆವು. ಕಾರಣ ನೆಟ್‌ವರ್ಕ್. ಮಳೆಗೆ ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ಫೋನಿನಿಂದ ಹೋದ ಕೋರಿಕೆ ಸರ್ವರಿಗೆ ಮುಟ್ಟಿತು, ಬಂಗಾರ ಬಂತು, ಎಣಿಕೆ ಸೊನ್ನೆಯಾಯಿತು. ಉತ್ತರ ಮಾತ್ರ ದಾರಿಯಲ್ಲೇ ಕಳೆದುಹೋಯಿತು. ಫೋನ್ ಅದೇ ಹುತ್ತಕ್ಕೆ ಮತ್ತೆ ಕೇಳಿತು. ಸರ್ವರ್ ಹೊಸ ದಾಳ ಹಾಕಿ, ಹಳೆಯ ಫಲದ ಮೇಲೆ ಸಾದಾ ಅಣಬೆ ಬರೆದುಬಿಟ್ಟಿತು. ಈಗ ಪ್ರತಿ ಹುತ್ತಕ್ಕೂ ಫೋನ್ ಒಂದು ಗುರುತಿನ ಸಂಖ್ಯೆ ಕಳಿಸುತ್ತದೆ. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ದಾಳ ಹಾಕುವುದಿಲ್ಲ, ಹಳೆಯ ಉತ್ತರವನ್ನೇ ಕೊಡುತ್ತದೆ. ಎಣಿಕೆ ಮತ್ತು ಅಣಬೆ ಎರಡನ್ನೂ ಒಟ್ಟಿಗೇ ಬರೆಯುತ್ತೇವೆ. ಎಣಿಕೆಯನ್ನು ಫೋನಿನಲ್ಲಿ ಇಡುವ ಯೋಚನೆಯೂ ಇತ್ತು. ಅಲ್ಲಿಟ್ಟರೆ ಅದನ್ನು ತಿದ್ದುವ ಹುಡುಗರು ಒಂದೇ ವಾರದಲ್ಲಿ ಹುಟ್ಟುತ್ತಾರೆ.

ಮೊನ್ನೆ ಅಕ್ಕನ ಮಗ ಮತ್ತೆ ಫೋನ್ ಮಾಡಿದ. "ಮಾವ, ಅರವತ್ತರವರೆಗೆ ಏನೂ ಬರೋದಿಲ್ಲ, ಆಮೇಲೆ ಪಟಕ್ಕನೆ ಬರುತ್ತೆ. ನಾನು 60 ಮುಗಿಸಿ ಇಟ್ಕೊಂಡಿದ್ದೀನಿ, ಹಬ್ಬದ ಅಣಬೆ ಬಂದಾಗ ಆಡ್ತೀನಿ." ನಾನು ಹೇಳದೇ ಕಂಡುಹಿಡಿದಿದ್ದ. ಹಾಗಾಗಿ ಹಬ್ಬದ ಅಣಬೆಗೆ ಬೇರೆಯದೇ ಎಣಿಕೆ ಇಟ್ಟಿದ್ದೇವೆ. ಎರಡೂ ಎಣಿಕೆಗಳನ್ನು ಪರದೆಯ ಮೂಲೆಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದೇವೆ. ಅವನಿಗಿನ್ನೂ ತಿಳಿಸಿಲ್ಲ.