ಸೆಕೆಗೆ, ಜ್ವರಕ್ಕೆ ತಲೆ ಸುತ್ತಿದರೆ ಬಿಪಿಯನ್ನು ನಿಂತೂ ನೋಡಿ

ದಿನಾ ಬಿಪಿ ಮಾತ್ರೆ ತಗೊಳ್ಳುವ ಹಿರಿಯರಿಗೆ ಸೆಕೆಗಾಲದಲ್ಲೋ ಜ್ವರದಲ್ಲೋ ತಲೆ ಸುತ್ತಿದರೆ, ಕೂತಲ್ಲೇ ಒಂದು ಸಲ ಬಿಪಿ ನೋಡಿ ಸುಮ್ಮನಾಗಬೇಡಿ. ಐದು ನಿಮಿಷ ಮಲಗಿಸಿ ಒಮ್ಮೆ ನೋಡಿ, ಎದ್ದು ನಿಂತ 1 ನಿಮಿಷಕ್ಕೆ ಮತ್ತು 3 ನಿಮಿಷಕ್ಕೆ ಮತ್ತೆ ನೋಡಿ. ಹಿಡಿದುಕೊಳ್ಳಲು ಪಕ್ಕದಲ್ಲಿ ಒಬ್ಬರಿರಲಿ. ಮಲಗಿದಾಗ 138/80, ನಿಂತಾಗ 112/72 ಬಂತು ಅನ್ನಿ: ಬಿಡಿಬಿಡಿಯಾಗಿ ಎರಡೂ ಚೆನ್ನಾಗಿಯೇ ಕಾಣುತ್ತವೆ, ಆದರೆ ಮೇಲಿನ ಅಂಕಿ 26 ಇಳಿದಿದೆ. 20 ಅಥವಾ ಹೆಚ್ಚು ಇಳಿದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಸೆಕೆಗೆ ಚರ್ಮದ ರಕ್ತನಾಳ ಹಿಗ್ಗುತ್ತವೆ, ಬೆವರಿ ನೀರು ಕಡಿಮೆಯಾಗುತ್ತದೆ. ಅದರ ಮೇಲೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್‌ನಂಥ ಮಾತ್ರೆಯೂ ಇದ್ದರೆ ನಿಂತಾಗ ತಲೆಗೆ ರಕ್ತ ಸಾಲದು. ತಲೆಸುತ್ತಿಗಿಂತ ತೂಕಡಿಕೆಯೇ ಹೆಚ್ಚಿದ್ದರೆ, ಕಾಲುರಿಗೆ ಕೊಡುವ ಪ್ರೀಗ್ಯಾಬಲಿನ್ ಇದೆಯಾ ನೋಡಿ. ಅದು ಕಿಡ್ನಿಯಿಂದಲೇ ಹೊರಹೋಗುವ ಔಷಧಿ. ನೀರು ಕಡಿಮೆಯಾಗಿ ಕಿಡ್ನಿ ನಿಧಾನವಾದರೆ ಅದೇ ಡೋಸ್ ಮೈಯಲ್ಲಿ ಕೂಡಿಕೊಳ್ಳುತ್ತದೆ. ಈ ಬಿಪಿ ಪರೀಕ್ಷೆ ಬೇರೆ ಹೊತ್ತಲ್ಲಿ ಮಾಡಿದರೆ ಇಳಿತ ತಪ್ಪಿಹೋಗಬಹುದು, ಸುತ್ತು ಬರುವ ಹೊತ್ತಿಗೇ ಮಾಡಿ. ಶುಗರ್ ಇಳಿದಾಗಲೂ ಹೀಗೇ ತಲೆ ಸುತ್ತುತ್ತದೆ, ಹಾಗಾಗಿ ಸಕ್ಕರೆ ಕಾಯಿಲೆಯವರಿಗೆ ಮೊದಲು ಗ್ಲುಕೋಮೀಟರ್. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಕ್ಲೋನಿಡಿನ್ ಎಂಬ ಬಿಪಿ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಬಿಪಿ ಜಿಗಿಯುತ್ತದೆ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಓಆರ್‌ಎಸ್ ಕೂಡ ಕೇಳಿಯೇ ಕೊಡಿ. ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಮಾತು ತಡಬಡಾಯಿಸಿದರೆ ಬಿಪಿ ನೋಡುತ್ತಾ ಕೂರದೆ 108ಕ್ಕೆ ಕರೆ ಮಾಡಿ.